ಬ್ಯಾಕಪ್‌ಗೂ ಒಂದು ಪಾಳಿ: ರಾತ್ರಿ ಸಹಾಯವಾಣಿಯ ಪಟ್ಟಿ ಹಾಕಿದ ನನ್ನ ಅನುಭವ

ಸುಮಾರು ಹದಿನಾಲ್ಕು ತಿಂಗಳಿಂದ ನಮ್ಮ ರಾತ್ರಿ ಸಹಾಯವಾಣಿಯಲ್ಲಿ ಒಂದು ಗಂಟೆಯೂ ಖಾಲಿ ಬಿದ್ದಿಲ್ಲ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತರಬೇತಿಯಾದ ಇಬ್ಬರು ಫೋನಿನ ಮುಂದೆ, ಅವರ ಬೆನ್ನಿಗೆ ಒಬ್ಬರು ಬ್ಯಾಕಪ್. ಎಲ್ಲರೂ ಸ್ವಯಂಸೇವಕರೇ. ‘ರಾತ್ರಿ ಕೆಲಸ ಸಂಬಳ ಕೊಡದೆ ನಡೆಯಲ್ಲ’ ಅಂತ ನಮ್ಮ ಸಮಿತಿಯಲ್ಲೇ ಮೂವರು ಹೇಳಿದ್ದರು. ಅವರಲ್ಲಿ ಒಬ್ಬರು ಈಗ ತಿಂಗಳಿಗೆ ಎರಡು ಪಾಳಿ ಕೂರುತ್ತಾರೆ. ಅದಕ್ಕೇ ಇದನ್ನು ಬರೆಯೋಣ ಅನ್ನಿಸಿತು.

ಪಾಳಿ ಪಟ್ಟಿ ಹಾಕುವವರಿಗೆ ಮೊದಲ ಎರಡು ಸೋಲು ಗೊತ್ತೇ ಇರುತ್ತೆ. ಗ್ರೂಪಿನಲ್ಲಿ ‘ಇವತ್ತು ಯಾರು ಬರ್ತೀರಿ?’ ಅಂತ ಕೇಳಿದ್ವಿ. ಅದೇ ಆರು ಜನ ಬಂದರು, ನಾಲ್ಕು ತಿಂಗಳಲ್ಲಿ ಆರರಲ್ಲಿ ನಾಲ್ವರು ಬಿಟ್ಟುಹೋದರು. ಆಮೇಲೆ ಎಲ್ಲರಿಗೂ ಶೀಟ್ ತೆರೆದುಕೊಟ್ಟು, ಅನುಕೂಲ ನೋಡಿ ಹೆಸರು ಬರೆದುಕೊಳ್ಳಿ ಅಂದ್ವಿ. ವಾರದ ನಡುವಿನ 10ರಿಂದ 12 ಗಂಟೆ ತುಂಬಿ ತುಳುಕಿತು, ಶನಿವಾರ ಬೆಳಗಿನ ಜಾವ 4 ಗಂಟೆ ಬಟಾಬಯಲು.

ಮೂರನೆಯ ಸೋಲಿಗೆ ಹಣವೂ ಹೋಯಿತು. ಒಬ್ಬ ದಾನಿ ಕೊಟ್ಟ ದುಡ್ಡಿನಲ್ಲಿ ಇಬ್ಬರನ್ನು ಸಂಬಳಕ್ಕೆ ಇಟ್ಟೆವು. ಆರು ತಿಂಗಳಿಗೆ ಅಂತ ಬಂದ ದುಡ್ಡು ಮೂರೂವರೆ ತಿಂಗಳಿಗೇ ಮುಗಿಯಿತು. ‘ಸಂಬಳದವರು ಇದ್ದಾರಲ್ಲ’ ಅಂತ ಸ್ವಯಂಸೇವಕರು ಬೇರೆ ಸಡಿಲವಾದರು. ದುಡ್ಡು ಮುಗಿದ ದಿನ ನಮ್ಮ ಹತ್ತಿರ ಮೊದಲಿಗಿಂತ ಕಡಿಮೆ ಜನ ಇದ್ದರು.

ಪಟ್ಟಿಯನ್ನು ನಾನು ಕೈಗೆ ತೆಗೆದುಕೊಂಡಿದ್ದು ಆಗ. ಮೊದಲು ಮಾಡಿದ್ದು ತಲೆ ಎಣಿಕೆ. ರಿಜಿಸ್ಟರ್‌ನಲ್ಲಿ 80ರ ಹತ್ತಿರ ಹೆಸರು ಇದ್ದವು. ಕಳೆದ ಎಂಟು ವಾರದಲ್ಲಿ ಒಮ್ಮೆಯಾದರೂ ಬಂದು ಕೂತವರನ್ನು ಮಾತ್ರ ಲೆಕ್ಕಕ್ಕೆ ಹಿಡಿದೆ. 58 ಜನ ಸಿಕ್ಕರು. ಉಳಿದವರ ಮೇಲೆ ಕೋಪವೇನಿಲ್ಲ, ಆದರೆ ಅವರನ್ನು ನಂಬಿ ಪಟ್ಟಿ ಹಾಕಲಾಗದು.

ತಿಂಗಳ ಲೆಕ್ಕ ಬಿಟ್ಟು 28 ದಿನದ ಸುತ್ತು ಮಾಡಿದೆ. ಹೀಗಾದರೆ ‘ಎರಡನೇ ವಾರದ ಬುಧವಾರ ನನ್ನದು’ ಅನ್ನುವುದು ಪ್ರತಿ ಸುತ್ತಿನಲ್ಲೂ ಬುಧವಾರವೇ ಆಗಿರುತ್ತೆ. ಮನೆಯವರಿಗೂ ಬಾಯಿಪಾಠ ಆಗುತ್ತೆ. ರಾತ್ರಿಯನ್ನು 10ರಿಂದ 2, 2ರಿಂದ 6 ಅಂತ ಎರಡು ಪಾಲು ಮಾಡಿದೆ. ಪಾಲಿಗೆ ಇಬ್ಬರಂತೆ ಒಂದು ಸುತ್ತಿಗೆ 112 ಕುರ್ಚಿ. ಜೊತೆಗೆ ಪಾಲಿಗೊಬ್ಬ ಬ್ಯಾಕಪ್, ಅಂದರೆ ಇನ್ನೂ 56.

ಆ 56 ಇದೆಯಲ್ಲ, ಎಲ್ಲರೂ ಎಡವುವುದು ಅಲ್ಲೇ. ಬ್ಯಾಕಪ್ ಅಂದರೆ ‘ಬೇಕಾದರೆ ಫೋನ್ ಮಾಡಿ, ಇರ್ತೀನಿ’ ಅನ್ನುವ ಒಳ್ಳೆ ಮನಸ್ಸಿನ ಮಾತಾಗಿತ್ತು. ಬೆಳಗಿನ ಜಾವ 3 ಗಂಟೆಗೆ ಅಂಥ ಮಾತು ಕೈಗೆ ಸಿಗಲ್ಲ. ನಾನು ಅದನ್ನೂ ಪಾಳಿ ಮಾಡಿದೆ. ಹೆಸರು, ತಾರೀಖು, ಹೊತ್ತು ಎಲ್ಲ ಪಟ್ಟಿಯಲ್ಲಿ. ಅವತ್ತು ಫೋನ್ ಬರಲಿ ಬಿಡಲಿ, ಅವರ ಪಾಲಿನ ಕೆಲಸದಲ್ಲಿ ಅದು ಒಂದು ಅಂತ ಎಣಿಕೆ.

ಮೊದಲ ಸುತ್ತಿನ ಲೆಕ್ಕ ಹೀಗಿತ್ತು. 58ರಲ್ಲಿ ಎಂಟು ಜನ ಇನ್ನು ಮೇಲೆ ರಾತ್ರಿ ಮನೆ ಬಿಟ್ಟು ಬರಲು ಆಗಲ್ಲ ಅಂದರು. ಚಿಕ್ಕ ಮಕ್ಕಳು, ವಯಸ್ಸಾದವರು ಇರುವ ಮನೆ. ಹಿಂದೆ ಇಂಥವರನ್ನು ಸುಮ್ನೆ ಕೈಬಿಡುತ್ತಿದ್ದೆವು. ಪೂರ್ತಿ ತರಬೇತಿ ಆದವರು, ಎಂಥ ನಷ್ಟ ಅಲ್ವಾ? ಈ ಎಂಟು ಜನಕ್ಕೆ ತಲಾ ಮೂರು ಬ್ಯಾಕಪ್ ಕೊಟ್ಟೆ, 24 ಆಯಿತು. ಕರೆಯನ್ನು ಅವರ ಮನೆಗೇ ತಿರುಗಿಸುವ ವ್ಯವಸ್ಥೆ ಮಾಡಿದೆವು. ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ, ಕಿವಿಗೆ ಹೆಡ್‌ಸೆಟ್, ಇವೆರಡು ಕಡ್ಡಾಯ. ಕರೆ ಮಾಡಿದವರ ಗುಟ್ಟು ಮನೆಯವರ ಕಿವಿಗೂ ಬೀಳಬಾರದು. ಉಳಿದ 50 ಜನಕ್ಕೆ ತಲಾ ಎರಡು ಕುರ್ಚಿ, ನೂರಾಯಿತು. ಹನ್ನೆರಡು ಕಡಿಮೆ ಬಿತ್ತು. ಹನ್ನೆರಡು ಜನ ಮೂರನೆಯದಕ್ಕೆ ಒಪ್ಪಿದರು, ಅವರಿಗೆ ಬ್ಯಾಕಪ್‌ನಿಂದ ಬಿಡುವು. ಮಿಕ್ಕ 38 ಜನರಲ್ಲಿ 32 ಮಂದಿ ತಲಾ ಒಂದು ಬ್ಯಾಕಪ್ ತೆಗೆದುಕೊಂಡರು. ಕೊನೆಗೆ ಆರು ಜನ ಬ್ಯಾಕಪ್ ಪಾಳಿ ಇಲ್ಲದೆ ಉಳಿದರು. ಆ ಆರು ಜನಕ್ಕೆ ನಾನು ಬೇರೆ ಪಾಳಿ ಹಾಕಲಿಲ್ಲ. ಜ್ವರ, ಪರೀಕ್ಷೆ, ಊರಿಗೆ ಹೋಗುವುದು ಎಲ್ಲ ಆ ಆರರಲ್ಲೇ ಕರಗುತ್ತೆ.

ಇಬ್ಬರು ಹೊಸಬರು ಒಟ್ಟಿಗೆ ಕೂರಬಾರದು ಅನ್ನುವುದು ನಿಮಗೆ ಗೊತ್ತಿದ್ದದ್ದೇ. ಆದರೆ ಅದಲುಬದಲು ಆದಾಗ ಗಮನಕ್ಕೆ ಬರದೆ ಹಾಗೆ ಆಗಿಬಿಡುತ್ತೆ. ಕುರ್ಚಿಗೊಂದು ಸಾಲು, A ತಾರೀಖು, B ಪಾಲು, C ಹೆಸರು, Dಯಲ್ಲಿ ಹಳಬರಿಗೆ S, ಹೊಸಬರಿಗೆ N. E2ರಲ್ಲಿ ಇದನ್ನು ಹಾಕಿ ಕೆಳಗಿನವರೆಗೂ ಎಳೆಯಿರಿ, ಆ ಪಾಲಿನಲ್ಲಿ ಹಳಬರು ಒಬ್ಬರೂ ಇಲ್ಲದಿದ್ದರೆ CHECK ಅಂತ ತೋರಿಸುತ್ತೆ:

```
=IF(COUNTIFS(A:A,A2,B:B,B2,D:D,"S")=0,"CHECK","")
```

ಬ್ಯಾಕಪ್ ಹೆಸರುಗಳನ್ನು ಬೇರೆ ಶೀಟ್‌ನಲ್ಲಿ ಇಡಿ. ಇಲ್ಲವಾದರೆ ಮನೆಯಲ್ಲಿ ಮಲಗಿರುವ ಹಳಬರನ್ನೂ ಎಣಿಸಿ, ಎಲ್ಲ ಸರಿಯಿದೆ ಅಂತ ತೋರಿಸುತ್ತೆ. ನನಗೆ ಇದು ಗೊತ್ತಾಗಲು ಎರಡು ವಾರ ಬೇಕಾಯಿತು. ಯಾರನ್ನು ಯಾರ ಜೊತೆ ಕೂರಿಸಬಾರದು ಅನ್ನುವುದು ಮಾತ್ರ ಶೀಟ್‌ನಲ್ಲಿ ಇಲ್ಲ, ನನ್ನ ಒಂದು ಸಣ್ಣ ಪುಸ್ತಕದಲ್ಲಿದೆ. ಅದನ್ನು ಹೇಗೆ ಗೊತ್ತು ಮಾಡುತ್ತೇನೆ ಅಂತ ಇಲ್ಲಿ ಬರೆಯುವುದಿಲ್ಲ. ಅದು ಹೊರಗೆ ಬಂದರೆ ಕೆಲಸ ಮಾಡಲ್ಲ.

ಈಗ 2 ಗಂಟೆಯ ವಿಷಯ. ಒಂದು ರಾತ್ರಿ ನಾನೂ ಅಲ್ಲೇ ಇದ್ದೆ. 2 ಗಂಟೆ 10 ನಿಮಿಷ. ಮುಂದಿನ ಪಾಲಿನ ಇಬ್ಬರಲ್ಲಿ ಒಬ್ಬರೂ ಬಂದಿಲ್ಲ. ಮೊದಲ ಪಾಲಿನ ಒಬ್ಬರ ಕಾರು ಕೆಳಗೆ ಹಾರ್ನ್ ಹೊಡೆಯುತ್ತಿದೆ. ಇನ್ನೊಬ್ಬರು ಫೋನಿನಲ್ಲಿದ್ದಾರೆ, ಆ ಕಡೆಯವರು ಅಳುತ್ತಿದ್ದಾರೆ. ಆಕೆ ಕಿವಿಯಿಂದ ಫೋನ್ ತೆಗೆಯದೆ, ಎಡಗೈಯಲ್ಲಿ ಬಿಲ್ಲಿನ ಹಿಂಭಾಗದಲ್ಲಿ ಏನೋ ಗೀಚಿ ನನ್ನ ಕಡೆ ತಳ್ಳಿದರು. ‘ನಾನು ಹೋಗಲ್ಲ, ಕಾರು ಕಳಿಸಿಬಿಡಿ.’ ಕರೆ ಮುಗಿದಾಗ 3 ಗಂಟೆ 25 ನಿಮಿಷ. ಮುಂದಿನ ವಾರ ಅವರು ಬರಲಿಲ್ಲ. ತಪ್ಪು ಅವರದಲ್ಲ, ನಾನು ಹಾಕಿದ ಪಟ್ಟಿಯದು.

ಅಷ್ಟಕ್ಕೂ ನಮ್ಮ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗುತ್ತಿದ್ದುದು ಆ 2 ಗಂಟೆಯ ಕಾರುಗಳಿಗೆ. ಇಬ್ಬರನ್ನು ಕರೆತರುವುದು, ಇಬ್ಬರನ್ನು ಬಿಡುವುದು, ದಿನಾ. ಫೋನ್ ಬಿಲ್ಲು ಅದರ ಮುಂದೆ ಏನೂ ಅಲ್ಲ. ಹಾಗಾಗಿ ನಾಲ್ವರೂ ರಾತ್ರಿ 10ಕ್ಕೇ ಬರಲಿ ಅಂದೆ. ಎರಡನೇ ಪಾಲಿನವರು ಪಕ್ಕದ ಕೋಣೆಯಲ್ಲಿ ಮಲಗುತ್ತಾರೆ, 1.40ಕ್ಕೆ ಏಳುತ್ತಾರೆ, ಮುಖ ತೊಳೆದು 1.50ಕ್ಕೆ ಬಂದು ಪಕ್ಕದಲ್ಲಿ ಕೂರುತ್ತಾರೆ. ಮೊದಲ ಪಾಲಿನವರು ಕೈಯಲ್ಲಿರುವ ಕರೆ ಮುಗಿಸಿ ಹೋಗಿ ಮಲಗುತ್ತಾರೆ, 6ಕ್ಕೆ ಎಲ್ಲರೂ ಮನೆಗೆ. ಹಾಸಿಗೆ, ದಪ್ಪ ಪರದೆ, ಬಾಗಿಲಿಗೆ ಒಂದು ರಬ್ಬರ್ ಪಟ್ಟಿ, ಇಷ್ಟಕ್ಕೆ ಆದ ಖರ್ಚು ಎರಡು ತಿಂಗಳ ಕಾರಿನ ಉಳಿತಾಯದಲ್ಲಿ ವಾಪಸ್ ಬಂತು. ‘ಯಾರು ಬಂದು ಮಲಗ್ತಾರೆ ಇಲ್ಲಿ?’ ಅಂತ ಕೇಳಿದವರಿದ್ದರು. ಮನೆಯಿಂದ ನಡುರಾತ್ರಿ ಎದ್ದು ಬರುವುದಕ್ಕಿಂತ ಪಕ್ಕದ ಕೋಣೆಯಿಂದ ಎದ್ದು ಬರುವುದು ಎಲ್ಲರಿಗೂ ಸುಲಭವೇ ಆಯಿತು. ಎಚ್ಚರ ಒಂದೇ: ಮಲಗಿರುವ ಇಬ್ಬರನ್ನು ಬ್ಯಾಕಪ್ ಮಾಡಿಕೊಳ್ಳಬೇಡಿ. ಮೊದಲ ತಿಂಗಳು ಹಾಗೆ ಮಾಡಿದೆವು, 4 ಗಂಟೆಗೆ ಫೋನ್ ಹಿಡಿದೇ ತೂಕಡಿಸಿದರು.

ನಾಲ್ಕು ತಾಸಿನ ಬದಲು ಎರಡೇ ತಾಸಿನ ಚಿಕ್ಕ ಪಾಳಿಯನ್ನೂ ಮೂರು ವಾರ ನೋಡಿದೆ. ಬರುವವರು ಹೆಚ್ಚುತ್ತಾರೆ ಅಂದುಕೊಂಡಿದ್ದೆ. ಹೆಚ್ಚಿದ್ದು ಕೈಬದಲು ಮಾತ್ರ, ಅರ್ಧ ಕರೆಗಳು ಪಾಳಿ ಬದಲಾಗುವ ಹೊತ್ತಿಗೇ ಸಿಕ್ಕಿಬಿದ್ದವು. ನೆನಪಿನ ಸಂದೇಶದಲ್ಲಿ ಇನ್ನೊಂದು ಪ್ರಯೋಗ ಗೆದ್ದಿತು. ‘ನಾಡಿದ್ದು ನಿಮ್ಮ ಪಾಳಿ’ ಅಂತ ತಿಳಿಸುವ ಬದಲು ‘ನಾಡಿದ್ದು ಬರ್ತೀರಲ್ಲ?’ ಅಂತ ಕೇಳಿದೆ. ಉತ್ತರ ಬರದಿದ್ದರೆ ಮಾರನೆಯ ದಿನ ಫೋನ್ ಮಾಡುತ್ತೇನೆ. ಹೇಳದೆ ತಪ್ಪಿಸಿಕೊಳ್ಳುವವರು ಸುತ್ತಿಗೆ ಒಂಬತ್ತು ಹತ್ತು ಇದ್ದದ್ದು ಎರಡು ಮೂರಕ್ಕೆ ಇಳಿಯಿತು.

ಬ್ಯಾಕಪ್ ವಿಷಯಕ್ಕೆ ವಾಪಸ್ ಬರುತ್ತೇನೆ. ದಿನಾ 10.15ಕ್ಕೆ ಸಹಾಯವಾಣಿಯ ನಂಬರಿನಿಂದ ಆ ರಾತ್ರಿಯ ಇಬ್ಬರು ಬ್ಯಾಕಪ್‌ಗಳಿಗೂ ಪರೀಕ್ಷೆಯ ಕರೆ ಮಾಡುತ್ತಿದ್ದೆವು. ಎಲ್ಲರೂ ಎತ್ತುತ್ತಿದ್ದರು. ಆದರೂ 3 ಗಂಟೆಗೆ ನಿಜವಾಗಿ ಬೇಕಾದಾಗ ಎತ್ತಲಿಲ್ಲ, ಎರಡು ಸಲ. ಕಾರಣ ಹುಡುಕಿದರೆ ಅವರ ಮೊಬೈಲು 11 ಗಂಟೆಗೆ ತಾನಾಗಿ ಮೌನಕ್ಕೆ ಹೋಗುತ್ತಿತ್ತು. ನಮ್ಮ ಪರೀಕ್ಷೆ ಅದಕ್ಕೂ ಮುಂಚೆ ಪಾಸಾಗುತ್ತಿತ್ತು! ಈಗ ಪರೀಕ್ಷೆ 11.15ಕ್ಕೆ. Do Not Disturb ಇದ್ದರೂ ನಮ್ಮ ನಂಬರ್ ರಿಂಗಾಗುವಂತೆ ಮಾಡಿಕೊಂಡಿದ್ದಾರೋ ಇಲ್ಲವೋ ಆಗಲೇ ಗೊತ್ತಾಗುತ್ತೆ. ಬೇಗ ಮಲಗುವವರು ಮೊದಲೇ ಹೇಳಿ, ಮೊಬೈಲನ್ನು ಮೌನಕ್ಕೆ ಹಾಕಿದ ಮೇಲೆ ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ. ಎತ್ತದಿದ್ದರೆ 11.30ರೊಳಗೆ ಆ ಜಾಗಕ್ಕೆ ಆ ವಾರದ ಸಂಯೋಜಕರು. ಬ್ಯಾಕಪ್ ಕೆಲಸಕ್ಕೆ ಇಳಿದರೂ ಅಷ್ಟೇ, ಅವರ ಹಿಂದೆ ಸಂಯೋಜಕರು.

ಇನ್ನೊಂದು ತಪ್ಪು ಹೊರಗೆ ಚೆನ್ನಾಗಿಯೇ ಕಾಣುತ್ತಿತ್ತು. ಮೂರನೇ ಸುತ್ತಿನಲ್ಲಿ ಬ್ಯಾಕಪ್‌ಗೆ ಒಂದು ಕರೆಯೂ ಹೋಗಲಿಲ್ಲ. ಸಮಿತಿಯಲ್ಲಿ ಚಪ್ಪಾಳೆ ಬಂತು, ನನಗೆ ಅನುಮಾನ ಬಂತು. ಕರೆಗಳ ದಾಖಲೆ ತೆಗೆದು ನೋಡಿದೆ. ಎರಡು ರಾತ್ರಿ ಒಬ್ಬರಿಗೆ ಹುಷಾರಿಲ್ಲದೆ, ಇನ್ನೊಬ್ಬರೇ ಒಂದೂವರೆ ಗಂಟೆ ಎಲ್ಲ ಕರೆ ತೆಗೆದುಕೊಂಡಿದ್ದರು. ಯಾಕೆ ಎಬ್ಬಿಸಲಿಲ್ಲ ಅಂದರೆ ‘ಪಾಪ, ಮಲಗಿರ್ತಾರೆ ಅಂತ ಸುಮ್ನಾದೆ ಸರ್’ ಅಂದರು. ಆಮೇಲೆ ಮೂರು ಸಂದರ್ಭ ಗೊತ್ತು ಮಾಡಿ ಗೋಡೆಗೆ ಅಂಟಿಸಿದೆ. ಕುರ್ಚಿ ಹದಿನೈದು ನಿಮಿಷ ಖಾಲಿ ಇದ್ದರೆ. ಒಬ್ಬರ ಕರೆ ಒಂದು ಗಂಟೆ ದಾಟಿದರೆ. ಭಾರವಾದ ಕರೆ ಮುಗಿಸಿ ಒಬ್ಬರು ಎದ್ದು ಹೋಗಬೇಕಾದರೆ. ಈ ಮೂರರಲ್ಲಿ ಯಾವುದಾದರೂ ಆದರೆ ಬ್ಯಾಕಪ್‌ಗೆ ಕರೆ, ಯೋಚನೆ ಮಾಡುವಂತಿಲ್ಲ. ಎಬ್ಬಿಸಿದ್ದಕ್ಕೆ ಕಾರಣ ಯಾರೂ ಕೇಳುವುದಿಲ್ಲ, ಎಬ್ಬಿಸದಿದ್ದರೆ ನಾನು ಕೇಳುತ್ತೇನೆ.

ಈಗ ಸುತ್ತಿಗೆ ನಾಲ್ಕರಿಂದ ಆರು ಸಲ ಬ್ಯಾಕಪ್ ಏಳುತ್ತಾರೆ. ಹತ್ತು ದಾಟಿದರೆ ಕುರ್ಚಿಯಲ್ಲಿ ಕೂರುವವರು ಸಾಲುತ್ತಿಲ್ಲ ಅಂತ ತಿಳಿದು, ಹೊಸ ತರಬೇತಿ ತಂಡ ಕರೆಯುತ್ತೇನೆ. ಎರಡಕ್ಕೆ ಇಳಿದರೆ ದಾಖಲೆ ತೆಗೆಯುತ್ತೇನೆ. ಕಳೆದ ಸುತ್ತಿನಲ್ಲಿ ಐದು. ಅದರಲ್ಲಿ ಮೂರು ಸಲ ಎದ್ದವರು ಮನೆ ಬಿಟ್ಟು ಬರಲಾಗದ ಆ ಎಂಟು ಜನರಲ್ಲೇ ಇದ್ದವರು.