ಒಂದು ಬ್ಯಾರನ್ ಹೊಗೆಸೊಪ್ಪಿನ ಪೂರ್ತಿ ಲೆಕ್ಕ ಬರೆಯುವುದು ಹೇಗೆ?

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವವರ ಮನೆಯಲ್ಲಿ ಗೊಬ್ಬರ, ಕೂಲಿ, ಹರಾಜಿನ ರೇಟು ಎಲ್ಲಕ್ಕೂ ಲೆಕ್ಕ ಇರುತ್ತದೆ. ಸುಟ್ಟ ಸೌದೆಯ ತೂಕ, ಸೊಪ್ಪು ಮುರಿದು ಹುಷಾರು ತಪ್ಪಿದವರ ದಿನಗಳು ಮಾತ್ರ ಬಿಟ್ಟುಹೋಗುತ್ತವೆ. ಈ ಸಲ ಅವೆರಡನ್ನೂ ಸೇರಿಸಿ.

ಮೊದಲು ಸೌದೆ. ಒಲೆಗೆ ಹಾಕುವ ಮುಂಚೆ ತೂಕ ಮಾಡಿ ಬರೆದಿಡಿ. ಸೊಪ್ಪು ಬೇಯಿಸುವ ಹಳೇ ಬ್ಯಾರನ್‌ನಲ್ಲಿ ಒಂದು ಕೆಜಿ ಒಣ ಸೊಪ್ಪಿಗೆ ನಾಲ್ಕೈದು ಕೆಜಿ ಸೌದೆ ಬೇಕು. ಒಂದು ಸಲ ಬೇಯಿಸಿದಾಗ 300 ಕೆಜಿ ಸೊಪ್ಪು ಬಂತು ಅಂದುಕೊಳ್ಳಿ. ಕೆಜಿಗೆ 5ರಂತೆ 1,500 ಕೆಜಿ ಸೌದೆ ಬೂದಿಯಾಯಿತು. ಹೀಗೆ ಐದು ಸಲ ಬೇಯಿಸಿದರೆ 7,500 ಕೆಜಿ. ಅದನ್ನು ಕೆಜಿಗೆ 4ಕ್ಕೆ ಇಳಿಸಿದರೆ ಒಂದು ಸಲ ಬೇಯಿಸುವಷ್ಟು ಸೌದೆ ಪೂರಾ ಉಳಿಯುತ್ತದೆ. ಬದುವಿನ ಮರಕ್ಕೆ ಅಷ್ಟು ಕೊಡಲಿ ಏಟು ಕಡಿಮೆ.

ಇಳಿಸುವುದು ಹೇಗೆ? ಹಸಿ ಸೌದೆ ಹಾಕಬೇಡಿ. ಅದರ ಬೆಂಕಿಯಲ್ಲಿ ಒಂದು ಪಾಲು ಸೌದೆಯ ನೀರು ಒಣಗಿಸುವುದಕ್ಕೇ ಹೋಗುತ್ತದೆ. ಎರಡು ತುಂಡು ಒಂದಕ್ಕೊಂದು ಬಡಿಯಿರಿ. ಒಣಗಿದ್ದರೆ ಟಣ್ ಅನ್ನುತ್ತದೆ, ಕೊನೆಯಲ್ಲಿ ಬಿರುಕೂ ಕಾಣುತ್ತದೆ. ಹಸಿಯಾಗಿದ್ದರೆ ಶಬ್ದ ಮಂಕು. ಬಾಗಿಲ ಸಂದು, ಮಾಡಿನ ಬಿರುಕನ್ನೂ ಮುಚ್ಚಿ. ಕೊನೆಗೆ ದಂಟು ಒಣಗಿಸುವಾಗ ಒಳಗೆ 70 ಡಿಗ್ರಿ ಸೆಲ್ಸಿಯಸ್ ಹತ್ತಿರ ಶಾಖ ಇರಬೇಕು. ಆಗ ಬಿರುಕಿದ್ದರೆ ಸೌದೆ ಸುಮ್ನೆ ಹಾಳು.

ಇನ್ನು ಆಳಿನ ಲೆಕ್ಕ. ಇದು ಕೂಲಿಗಿಂತ ದೊಡ್ಡದು. ಮಳೆ ಅಥವಾ ಇಬ್ಬನಿಯಲ್ಲಿ ನೆನೆದ ಹಸಿ ಸೊಪ್ಪಿನ ನಿಕೋಟಿನ್ ನೀರಲ್ಲಿ ಕರಗಿ ಚರ್ಮದೊಳಗೆ ಇಳಿಯುತ್ತದೆ. ಮುರಿದ ಎಲೆಯನ್ನು ಕಂಕುಳಲ್ಲಿ ಅವುಚಿಕೊಂಡು ಸಾಲು ಮುಗಿಸುವ ಹೆಂಗಸಿನ ರವಿಕೆ ಒಂದು ಪಕ್ಕ ತೊಪ್ಪೆಯಾಗಿರುತ್ತದೆ. ಬಿಸಿಲೇರಿ ರವಿಕೆ ಮೈಮೇಲೇ ಒಣಗುತ್ತದೆ. ಸಂಜೆಗೋ ರಾತ್ರಿಗೋ ತಲೆಸುತ್ತು, ವಾಂತಿ, ತಲೆನೋವು ಶುರು. ಬಿಸಿಲು ಹತ್ತಿತು, ಊಟ ಒಗ್ಗಲಿಲ್ಲ ಅಂತ ಮನೆಯವರು ಅಂದುಕೊಳ್ಳುತ್ತಾರೆ. ಬೀಡಿ ಮುಟ್ಟದವರಿಗೇ ಇದು ಜಾಸ್ತಿ ಕಾಡುತ್ತದೆ, ಅವರ ಮೈಗೆ ನಿಕೋಟಿನ್ ಅಭ್ಯಾಸ ಇರುವುದಿಲ್ಲ.

ಹಾಗಾಗಿ ಎಲೆಯ ನೀರು ಆರಿದ ಮೇಲೆ ಸೊಪ್ಪು ಮುರಿಯಿರಿ. ನೀರು ಇಳಿಯದ ಕೈಗವಸು, ತುಂಬುತೋಳಿನ ಅಂಗಿ ಹಾಕಿ. ಬಟ್ಟೆಯ ಕೈಗವಸು ನೆನೆದರೆ ಹಾಕಿಯೂ ಹಾಕದ ಹಾಗೆ. ಪ್ಲಾಸ್ಟಿಕ್ ಕೋಟಾದರೆ ಬಿಸಿಲಲ್ಲಿ ಮೈ ಬೇಯುತ್ತದೆ, ಇಬ್ಬನಿ ಆರಿದ ಮೇಲೆ ತೆಗೆದಿಡಿ. ಬಟ್ಟೆ ನೆನೆದ ತಕ್ಷಣ ಬದಲಿಸಿ, ಸೋಪು ಹಚ್ಚಿ ಮೈ ತೊಳೆಯಿರಿ. ಮಕ್ಕಳನ್ನೂ ಬಸುರಿಯರನ್ನೂ ಹಸಿ ಸೊಪ್ಪಿನ ಕೆಲಸಕ್ಕೆ ಕರೆಯಲೇಬೇಡಿ.

ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ವಾಂತಿ ನಿಲ್ಲದಿದ್ದರೆ, ಉಸಿರು ಕಟ್ಟಿದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಹೊಗೆಸೊಪ್ಪು ಮುರಿದದ್ದನ್ನೂ, ಆ ವಾರ ಯಾವ ಔಷಧಿ ಹೊಡೆದಿದ್ದಿರಿ ಅನ್ನುವುದನ್ನೂ ಡಾಕ್ಟರಿಗೆ ಹೇಳಿ, ಎರಡರ ಲಕ್ಷಣವೂ ಒಂದೇ ಥರ ಕಾಣಬಹುದು. ಆಳು ಹುಷಾರಿಲ್ಲದೆ ಮಲಗಿದ ದಿನದ ಕೂಲಿಯನ್ನು ಕೊಟ್ಟು, ಪುಸ್ತಕದಲ್ಲಿ ಸೌದೆಯ ಪಕ್ಕದಲ್ಲೇ ಬರೆಯಿರಿ.