ಒಂದು ಡಾಲರ್ ಶುಲ್ಕದ ಹಿಂದಿದ್ದ 833 ರೂಪಾಯಿ

ಶಿವಮೊಗ್ಗದಲ್ಲಿ ಕೂತು ಹೊರದೇಶದವರಿಗೆ ಸಬ್‌ಟೈಟಲ್ ಮಾಡಿಕೊಡುವುದು ನನ್ನ ಕೆಲಸ. ದುಡ್ಡು ಒಂದು ಫ್ರೀಲ್ಯಾನ್ಸ್ ತಾಣದಲ್ಲಿ ಡಾಲರಾಗಿ ಕೂಡುತ್ತದೆ. ವಿತ್‌ಡ್ರಾ ಒತ್ತಿದರೆ ರೂಪಾಯಿಯಾಗಿ ಬ್ಯಾಂಕಿಗೆ ಬರುತ್ತದೆ. ಶುಲ್ಕ 1 ಡಾಲರ್ ಅಂತ ಪರದೆ ಮೇಲೆ ಬರೆದಿರುತ್ತದೆ. ಎರಡು ವರ್ಷ ಅದನ್ನೇ ನಂಬಿಕೊಂಡಿದ್ದೆ.

ಒಂದು ಸಲ 500 ಡಾಲರ್ ತೆಗೆದಾಗ 40,783 ರೂಪಾಯಿ ಬಂತು. ಯಾಕೋ ಕಡಿಮೆ ಅನ್ನಿಸಿ ಲೆಕ್ಕ ಹಾಕಿದೆ. ಶುಲ್ಕ ಕಳೆದು ಉಳಿದ 499ರಿಂದ ಭಾಗಿಸಿದರೆ ಡಾಲರಿಗೆ ಸಿಕ್ಕಿದ್ದು 81.73. ನಾನು ಬಟನ್ ಒತ್ತಿದ ಹೊತ್ತಿನಲ್ಲಿ ಮಾರುಕಟ್ಟೆ ದರ 83.40 ಇತ್ತು. ಡಾಲರಿಗೆ 1.67 ರೂಪಾಯಿ, ಅಂದರೆ ಒಟ್ಟು 833 ರೂಪಾಯಿ, ದರದೊಳಗೇ ಕರಗಿ ಹೋಗಿತ್ತು. ಸ್ಟೇಟ್‌ಮೆಂಟಿನಲ್ಲಿ ಇದಕ್ಕೊಂದು ಸಾಲೂ ಇಲ್ಲ. ಹೋಲಿಸುವಾಗ ಒಂದು ಎಚ್ಚರ ಬೇಕು: ದುಡ್ಡು ಖಾತೆಗೆ ಬಂದ ದಿನದ ದರ ಹಿಡಿಯಬಾರದು, ಪರಿವರ್ತನೆಯಾದ ಹೊತ್ತಿನದೇ ಬೇಕು. ನಡುವಿನ ಎರಡು ದಿನದ ಏರಿಳಿತ ಸೇರಿಕೊಂಡರೆ ಲೆಕ್ಕ ದಾರಿ ತಪ್ಪುತ್ತದೆ.

ಸಿಟ್ಟಿನಲ್ಲಿ ಮುಂದಿನ ತಿಂಗಳ 500 ಡಾಲರನ್ನು ಡಾಲರಾಗಿಯೇ, ಬ್ಯಾಂಕಿನಿಂದ ಬ್ಯಾಂಕಿಗೆ ಕಳಿಸುವ ವೈರ್ ಮೂಲಕ, ನನ್ನ ಬ್ಯಾಂಕಿಗೆ ತರಿಸಿದೆ. ನಾನು ಮಾಡಿದ ಪೆದ್ದುತನ ಅದು. ತಾಣ ವೈರಿಗೆಂದು 30 ಡಾಲರ್ ಹಿಡಿಯಿತು. ದಾರಿಯಲ್ಲಿದ್ದ ಮಧ್ಯವರ್ತಿ ಬ್ಯಾಂಕ್ ಇನ್ನೊಂದು 15 ನುಂಗಿತು, ಅದನ್ನು ಮೊದಲೇ ಯಾರೂ ಹೇಳಿರಲಿಲ್ಲ. ನಮ್ಮ ಬ್ಯಾಂಕ್ ಕೊಟ್ಟ ಟಿಟಿ ಬೈಯಿಂಗ್ ದರ, ಅಂದರೆ ಹೊರಗಿಂದ ಬಂದ ಡಾಲರನ್ನು ಬ್ಯಾಂಕ್ ಕೊಳ್ಳುವ ದರವೇನೋ ಚೆನ್ನಾಗಿತ್ತು, 82.90. ಮಾರುಕಟ್ಟೆ ದರ ಹಿಂದಿನಷ್ಟೇ ಇತ್ತು. ಆದರೆ ಕೈಸೇರಿದ್ದು 455 ಡಾಲರಿನ ರೂಪಾಯಿ ಮಾತ್ರ. ಅದರಲ್ಲೂ ಪರಿವರ್ತನೆಯ ಮೇಲಿನ ಜಿಎಸ್‌ಟಿ 68 ರೂಪಾಯಿ. ಲಕ್ಷದೊಳಗಿನ ಮೊತ್ತಕ್ಕೆ ಅದರ 1%ರಷ್ಟನ್ನು ಸೇವೆಯ ಬೆಲೆ ಅಂತ ಹಿಡಿದು, ಅದಕ್ಕೆ 18% ತೆರಿಗೆ ಹಾಕುತ್ತಾರೆ. ಕೊನೆಗೆ ಸಿಕ್ಕಿದ್ದು 37,651. ಹಳೇ ದಾರಿಗಿಂತ ಮೂರು ಸಾವಿರಕ್ಕೂ ಹೆಚ್ಚು ಖೋತಾ.

ಆಮೇಲೆ ತಣ್ಣಗೆ ಯೋಚಿಸಿದೆ. ವೈರಿನ 45 ಡಾಲರ್ ಮೊತ್ತ ಎಷ್ಟೇ ಇದ್ದರೂ ಅಷ್ಟೇ; ತಾಣದ 1.67 ಮಾತ್ರ ಪ್ರತಿ ಡಾಲರಿಗೂ ಬೀಳುತ್ತದೆ. ಬ್ಯಾಂಕಿನ ದರದಲ್ಲಿ ಡಾಲರಿಗೆ ಹೋಗುವ 50 ಪೈಸೆಯನ್ನೂ ಜಿಎಸ್‌ಟಿಯನ್ನೂ ಲೆಕ್ಕಕ್ಕೆ ಹಿಡಿದರೆ, ಈ ದರಗಳಲ್ಲಿ ಎರಡೂ ದಾರಿ ಸಮವಾಗುವುದು ಸುಮಾರು 3,400 ಡಾಲರಿಗೆ. 4,000 ತರಿಸಿದರೆ ವೈರಿನಲ್ಲಿ ಆರುನೂರು ಚಿಲ್ಲರೆ ಉಳಿಯುತ್ತದೆ, ಅಷ್ಟೇ. ಅದಕ್ಕೋಸ್ಕರ ತಿಂಗಳುಗಟ್ಟಲೆ ಡಾಲರ್ ಕೂಡಿಡುವುದು ನನಗಂತೂ ಆಗದ ಮಾತು, ಮನೆ ಬಾಡಿಗೆ ಪ್ರತಿ ತಿಂಗಳೂ ಕಟ್ಟಬೇಕಲ್ಲ.

ಹಾಗಾಗಿ ಸಣ್ಣ ಮೊತ್ತವನ್ನು ತಾಣದಲ್ಲೇ ರೂಪಾಯಿ ಮಾಡಿಸುತ್ತೇನೆ. ದೊಡ್ಡ ಕೆಲಸದ ದುಡ್ಡು ಬರುವುದಿದ್ದರೆ ಹಿಂದಿನ ದಿನವೇ ಬ್ರಾಂಚಿಗೆ ಫೋನ್ ಮಾಡಿ, "ಸರ್, ಟಿಟಿ ಬೈಯಿಂಗ್ ಎಷ್ಟು ಕೊಡ್ತೀರಿ, ಸ್ವಲ್ಪ ನೋಡಿ ಕೊಡಿ" ಅಂತ ಕೇಳುತ್ತೇನೆ. ಮೊನ್ನೆ ಹಾಗೆ ಕೇಳಿದ್ದಕ್ಕೆ ಹತ್ತು ಪೈಸೆ ಹೆಚ್ಚು ಸಿಕ್ಕಿತು.