ಔಷಧಿ ಹೊಡೆದ ದಿನದ ತಲೆನೋವು

ಔಷಧಿ ಹೊಡೆಯುವವರ ತಂಡವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮಧ್ಯಾಹ್ನದ ಹೊತ್ತಿಗೆ ಯಾರಾದರೂ ತಲೆ ಸಿಡಿಯುತ್ತಿದೆ, ಹೊಟ್ಟೆ ತೊಳಸುತ್ತಿದೆ ಎಂದು ಬದುವಿನ ಮೇಲೆ ಕುಳಿತರೆ ಉಳಿದವರೆಲ್ಲ ಬಿಸಿಲನ್ನೇ ದೂರುತ್ತಾರೆ. ಬಿಸಿಲಿಗೂ ಹಾಗಾಗುವುದುಂಟು. ಆದರೆ ನಮ್ಮ ತಂಡದ ಒಬ್ಬ ಹುಡುಗನಿಗೆ ಅದೇ ಬಿಸಿಲಿನಲ್ಲಿ ಕಳೆ ಕೀಳುವ ದಿನ ಏನೂ ಆಗುತ್ತಿರಲಿಲ್ಲ. ಔಷಧಿ ಹೊಡೆದ ದಿನ ಮಾತ್ರ ತಲೆಸುತ್ತು ಬರುತ್ತಿತ್ತು, ರಜೆಯ ದಿನ ಮಾಯವಾಗುತ್ತಿತ್ತು. ಇದನ್ನು ಗಮನಿಸಿದ ಮೇಲೆ ಬಿಸಿಲಿನ ಮಾತನ್ನು ನಾನು ಒಪ್ಪಲಿಲ್ಲ.

ನಾವು ಬಳಸುತ್ತಿದ್ದುದು ಪ್ರೊಫೆನೊಫಾಸ್, ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕ. ನರಗಳಿಂದ ಹೊರಟ ಸಂದೇಶವನ್ನು ಕೆಲಸ ಮುಗಿದ ಮೇಲೆ ಅಳಿಸಿಹಾಕುವ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಈ ಗುಂಪಿನ ವಿಷಗಳು ತಡೆಯುತ್ತವೆ. ಕಿಣ್ವ ಮತ್ತೆ ಮೊದಲಿನ ಮಟ್ಟಕ್ಕೆ ಬರಲು ವಾರಗಳೇ ಬೇಕು. ಹಾಗಾಗಿ ಮೈ ಸೇರಿದ್ದು ಸ್ವಲ್ಪವೇ ಆದರೂ ದಿನದಿಂದ ದಿನಕ್ಕೆ ಪರಿಣಾಮ ಕೂಡುತ್ತಾ ಹೋಗುತ್ತದೆ. ‘ಮೊನ್ನೆ ಇಷ್ಟೇ ಹೊಡೆದಿದ್ದೆ, ಏನೂ ಆಗಲಿಲ್ಲ’ ಎನ್ನುವವನು ಇಂದು ಅಷ್ಟಕ್ಕೇ ಮಲಗಬಹುದು.

“ಅಣ್ಣ, ನಾನು ಕೈಗವಸು, ಮಾಸ್ಕ್ ಎರಡನ್ನೂ ಹಾಕಿಕೊಳ್ಳುತ್ತೇನಲ್ಲ” ಎಂದ ಹುಡುಗ. ಅವನ ಮಾತು ಸುಳ್ಳಲ್ಲ. ಹಾಗಾದರೆ ಔಷಧಿ ಮೈ ಸೇರುತ್ತಿರುವುದು ಎಲ್ಲಿಂದ? ಅದನ್ನು ಕಣ್ಣಾರೆ ನೋಡಲು ಒಂದು ದಿನ ಸ್ಪ್ರೇಯರನ್ನು ಚೆನ್ನಾಗಿ ತೊಳೆದು, ಬರೀ ನೀರು ತುಂಬಿ, ತಿನ್ನುವ ಪದಾರ್ಥಕ್ಕೆ ಹಾಕುವ ಕೆಂಪು ಬಣ್ಣ ಕಲಸಿದೆ. ಹುಡುಗನಿಗೆ ಹಳೆಯ ಬಿಳಿ ಅಂಗಿ, ಬಿಳಿ ಪಾಯಿಜಾಮ ತೊಡಿಸಿ, ಎಂದಿನಂತೆಯೇ ಒಂದು ಟ್ಯಾಂಕ್ ಹೊಡೆಯಲು ಹೇಳಿದೆ.

ಅವನು ಸಾಲು ಮುಗಿಸಿ ಬಂದಾಗ ಎಲ್ಲರೂ ಸುತ್ತ ನೆರೆದರು. ಮುಖದ ಮೇಲೆ ಕೆಂಪು ಕಾಣಲೇ ಇಲ್ಲ. ಬೆನ್ನಿನ ಕೆಳಭಾಗ ಮಾತ್ರ ತೊಯ್ದು ಹೋಗಿತ್ತು. ಟ್ಯಾಂಕಿನ ಮುಚ್ಚಳದ ವಾಷರ್ ಸವೆದು, ಅವನು ಬಾಗಿದಾಗಲೆಲ್ಲ ನೀರು ಸೊಂಟಕ್ಕೆ ಇಳಿಯುತ್ತಿತ್ತು. ಎರಡೂ ತೊಡೆಗಳ ಮುಂಭಾಗವೂ ಕೆಂಪಾಗಿತ್ತು, ಏಕೆಂದರೆ ಆಗಷ್ಟೇ ಹೊಡೆದ ಗಿಡಗಳ ನಡುವೆಯೇ ಅವನು ಮುಂದೆ ನಡೆಯುತ್ತಿದ್ದ. ನನಗೆ ಅಚ್ಚರಿಯಾದದ್ದು ಕೈಗವಸು ಬಿಚ್ಚಿದಾಗ: ಬೆರಳ ತುದಿಗಳು ಒಳಗೇ ಕೆಂಪು. ಬಿಚ್ಚಿ ಹಾಕುವಾಗ ಹೊರಗಿನದು ಒಳಗೆ ಸೇರಿತ್ತು. ಅಂಥ ಕೈಗವಸು ಔಷಧಿಯನ್ನು ಚರ್ಮಕ್ಕೇ ಒತ್ತಿ ಹಿಡಿಯುತ್ತದೆ, ಬರಿಗೈಯಾದರೆ ತೊಳೆಯಲಾದರೂ ತೊಳೆದುಕೊಳ್ಳುತ್ತೇವೆ.

ಸಿಂಪಡಿಸುವಾಗ ವಿಷ ಹೆಚ್ಚಾಗಿ ಒಳಸೇರುವುದು ಚರ್ಮದ ಮೂಲಕ. ಅದರಲ್ಲೂ ತೊಡೆಸಂದಿಯ ಚರ್ಮ ಮುಂಗೈಗಿಂತ ಹಲವು ಪಟ್ಟು ಬೇಗ ಹೀರಿಕೊಳ್ಳುತ್ತದೆ. ಮೂಗಿಗೆ ಬಟ್ಟೆ ಕಟ್ಟಿ, ಸೊಂಟದ ಕೆಳಗೆ ತೊಯ್ದು ತೊಪ್ಪೆಯಾಗಿ ನಡೆದರೆ ಏನು ಪ್ರಯೋಜನ? ಆ ಬಟ್ಟೆಯೂ ಒದ್ದೆಯಾದರೆ ಔಷಧಿಯನ್ನು ಬಾಯಿಯ ಮುಂದೆಯೇ ಹಿಡಿದಿಟ್ಟುಕೊಳ್ಳುತ್ತದೆ. ವಾಸನೆಯನ್ನೂ ನಾನು ನಂಬುವುದಿಲ್ಲ. ಘಾಟು ಬಹುಪಾಲು ಅದರಲ್ಲಿ ಬೆರೆಸಿರುವ ದ್ರಾವಕದ್ದು. ಅದರಿಂದಲೂ ತಲೆನೋವು ಬರುತ್ತದೆ, ಆದರೆ ವಾಸನೆ ಇಲ್ಲವೆಂದರೆ ವಿಷ ಇಲ್ಲವೆಂದಲ್ಲ.

ಮೊದಲು ವಾಷರ್ ಬದಲಾಯಿಸಿದೆವು. ಈಗ ಪ್ರತಿ ಬೆಳಿಗ್ಗೆ ಬರೀ ನೀರು ತುಂಬಿ, ಟ್ಯಾಂಕನ್ನು ಬಾಗಿಸಿ ಸೋರಿಕೆ ನೋಡುತ್ತೇವೆ. ಟ್ಯಾಂಕಿಗೂ ಬೆನ್ನಿಗೂ ನಡುವೆ ಪ್ಲಾಸ್ಟಿಕ್ ಹಾಳೆ ಕಟ್ಟುತ್ತೇವೆ. ಗಾಳಿ ಪಕ್ಕದಿಂದ ಬೀಸುವಂತೆ ನಿಂತು, ಹೊಡೆದ ಸಾಲು ಹಿಂದೆ ಉಳಿಯುವಂತೆ ನಡೆಯುತ್ತೇವೆ. ಕೈಗವಸನ್ನು ಕೈಯಲ್ಲಿರುವಾಗಲೇ ಸೋಪಿನಿಂದ ತೊಳೆದು ಆಮೇಲೆ ಬಿಚ್ಚುತ್ತೇವೆ. ನಾಝಲ್ ಕಟ್ಟಿದರೆ ಮೆತ್ತನೆಯ ಬ್ರಷ್, ಬಾಯಿಂದ ಊದುವಂತಿಲ್ಲ. ನೀರು ಬೆರೆಸದ ಗಟ್ಟಿ ಔಷಧಿ ಎಲ್ಲಕ್ಕಿಂತ ಅಪಾಯಕಾರಿ, ಆದ್ದರಿಂದ ಅಳೆದು ಕಲಸುವವರು ಕನ್ನಡಕ ಹಾಕಿ, ಪ್ಲಾಸ್ಟಿಕ್ ಏಪ್ರನ್ ಕಟ್ಟಿಕೊಳ್ಳುತ್ತಾರೆ. ಕೆಲಸ ಮುಗಿದ ಕೂಡಲೇ ಸ್ನಾನ. ಆ ಬಟ್ಟೆಯನ್ನು ಮನೆಯವರ ಬಟ್ಟೆಯೊಂದಿಗೆ ನೆನೆಸುವುದಿಲ್ಲ.

ಇಷ್ಟಾದ ಮೇಲೂ ಯಾರಿಗಾದರೂ ತಲೆ ಸುತ್ತಿದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಬಟ್ಟೆ ಬಿಚ್ಚಿಸಿ, ಕೂದಲು ಉಗುರುಗಳನ್ನೂ ಸೇರಿಸಿ ಸೋಪು ನೀರಿನಿಂದ ತೊಳೆಸುತ್ತೇನೆ, ಕೈಗವಸು ಹಾಕಿಕೊಂಡೇ. ವಾಂತಿ ಮಾಡಿಸುವುದಿಲ್ಲ, ಹಾಲು ತುಪ್ಪ ಕುಡಿಸುವುದಿಲ್ಲ. ಡಬ್ಬದ ಲೇಬಲ್ ಜೊತೆ ಆಸ್ಪತ್ರೆಗೆ ಕಳುಹಿಸುತ್ತೇನೆ, ಒಬ್ಬನೇ ಗಾಡಿ ಓಡಿಸಿಕೊಂಡು ಹೋಗಲು ಬಿಡುವುದಿಲ್ಲ. ಕಣ್ಣಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದು, ಜೊಲ್ಲು ಸುರಿಯುವುದು, ಮಾಂಸಖಂಡ ಅದುರುವುದು, ಉಸಿರು ಕಟ್ಟುವುದು ಬಿಸಿಲಿನ ಲಕ್ಷಣಗಳಲ್ಲ. ಇವು ಕಂಡರೆ ಒಂದು ಕ್ಷಣವೂ ಕಾಯುವಂತಿಲ್ಲ. ಆದರೆ ಇವಿಲ್ಲವೆಂದು ತಲೆನೋವನ್ನು ಕಡೆಗಣಿಸುವುದೂ ಸಲ್ಲ.

ಹಂಗಾಮು ಶುರುವಾಗುವ ಮೊದಲೇ ಎಲ್ಲರ ರಕ್ತದ ಕೋಲಿನೆಸ್ಟರೇಸ್ ಪರೀಕ್ಷೆ ಮಾಡಿಸುತ್ತೇವೆ. ಅದರ ಸಹಜ ಮಟ್ಟ ಒಬ್ಬೊಬ್ಬರಿಗೆ ಒಂದೊಂದು ಇರುವುದರಿಂದ, ಕಾಯಿಲೆಯಾದಾಗ ಬಂದ ಒಂದೇ ಅಂಕಿ ಅಷ್ಟಾಗಿ ಏನನ್ನೂ ಹೇಳುವುದಿಲ್ಲ. ನಡುವೆ ಮಾಡಿಸಿದ ಪರೀಕ್ಷೆಯಲ್ಲಿ ಅವರವರ ಮಟ್ಟ ಇಳಿದಿದ್ದರೆ, ಅದು ಮೇಲೇರಿತೆಂದು ವೈದ್ಯರು ಹೇಳುವವರೆಗೆ ಅವರಿಗೆ ನೀರು ಕಟ್ಟುವುದೋ ಕಳೆ ಕೀಳುವುದೋ ಕೆಲಸ. ಕೂಲಿ ಮಾತ್ರ ಅಷ್ಟೇ ಕೊಡುತ್ತೇನೆ, ಇಲ್ಲವಾದರೆ ತಲೆನೋವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.